‘ಮಾಡಿದ್ವಿ’ ಅಂದ್ರೆ ಯಾರು ಮಾಡಿದ್ದು?

ಶುಕ್ರವಾರ ರಾತ್ರಿ ಚಿಕ್ಕಪ್ಪನ ಮಗಳು ಯಶವಂತಪುರದಲ್ಲಿ ರೈಲು ಇಳಿದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಚಿಕ್ಕಮ್ಮ ಕಟ್ಟಿ ಕಳಿಸಿದ್ದ ಕೊಬ್ಬರಿ ಮಿಠಾಯಿ ಡಬ್ಬ. ಸೋಮವಾರ ಬೆಳಗ್ಗೆ ಅವಳಿಗೆ ಇಂಟರ್‌ವ್ಯೂ ಇತ್ತು. ಸ್ಕೂಟರ್ ಹತ್ತೋ ಮುಂಚೆನೇ ಶುರು ಮಾಡಿದಳು.

“ಅಣ್ಣ, ಕೋಡಿಂಗ್ ರೌಂಡ್ ಬಗ್ಗೆ ಭಯ ಇಲ್ಲ. ಅದೇನೋ ಬಿಹೇವಿಯರಲ್ ರೌಂಡ್ ಅಂತೆ. ಕೆಲಸದಲ್ಲಿ ಆದ ಅನುಭವ ಹೇಳಿ ಅಂತ ಕೇಳ್ತಾರಂತೆ. ನಾನು ಒಂದು ದಿನಾನೂ ಕೆಲಸ ಮಾಡಿಲ್ಲ. ಇರೋದೊಂದು ಫೈನಲ್ ಇಯರ್ ಪ್ರಾಜೆಕ್ಟು. ಅದ್ರಲ್ಲೂ ನಾಲ್ಕು ಜನ. ನಾನೇನು ಹೇಳ್ಲಿ?”

ನಾನು ಆಗ ಉತ್ತರ ಕೊಡಲಿಲ್ಲ. ಹನ್ನೆರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಒಂದು ಕಂಪನಿಯ ಮೀಟಿಂಗ್ ರೂಮಿನಲ್ಲಿ ಕೂತಿದ್ದೆ. ಎದುರಿಗಿದ್ದವರು “ನಿಮ್ಮ ಪ್ರಾಜೆಕ್ಟಲ್ಲಿ ಬಂದ ಒಂದು ಕಷ್ಟದ ಸಂದರ್ಭ ಹೇಳಿ” ಅಂದರು. ನಾನು ಹೇಳಿದ ಉತ್ತರದ ಪ್ರತಿ ವಾಕ್ಯವೂ ‘ವಿ’ ಅಂತಲೇ ಶುರುವಾಗ್ತಿತ್ತು. ವಿ ಡಿಸೈನ್ಡ್, ವಿ ಟೆಸ್ಟೆಡ್, ವಿ ಫೇಸ್ಡ್ ಎ ಪ್ರಾಬ್ಲಮ್. ಅವರು ಸಮಾಧಾನವಾಗೇ ಕೇಳಿದರು, “ಸರಿ, ಅದ್ರಲ್ಲಿ ನೀವು ಮಾಡಿದ್ದೇನು?” ನನಗೆ ಬಾಯಿ ಕಟ್ಟಿಹೋಯಿತು. ನಿಜ ಹೇಳಬೇಕು ಅಂದ್ರೆ ಆ ಪ್ರಾಜೆಕ್ಟಿನ ಡೇಟಾಬೇಸ್ ಪೂರ್ತಿ ನಾನೊಬ್ಬನೇ ಬರೆದದ್ದು. ಆದರೂ ಬಾಯಿಂದ ಬಂದದ್ದು, “ಸರ್, ಎಲ್ಲಾ ಸೇರ್ಕೊಂಡೇ ಮಾಡಿದ್ವಿ.” ಆ ಕೆಲಸ ಸಿಗಲಿಲ್ಲ.

ಸುಳ್ಳು ಹೇಳಿದೆನಾ? ಇಲ್ಲ. ವಿನಯ ಅಂದುಕೊಂಡು ಹೇಳಿದೆ. ನಮ್ಮ ಮನೆಗಳಲ್ಲಿ ‘ನಾನು ಮಾಡ್ದೆ’ ಅನ್ನೋದು ಜಂಬದ ಮಾತು. ಕೊಬ್ಬರಿ ಸುಲಿದು ಮುಗಿಸಿದವನೂ “ಆಯ್ತು” ಅಂತಾನೆ, “ನಾನು ಸುಲಿದೆ” ಅನ್ನಲ್ಲ. ‘ನಾನು’ ಹೋಗಬೇಕು ಅಂತ ಕನಕದಾಸರ ಕಥೆ ಕೇಳಿಕೊಂಡು ಬೆಳೆದವರು ನಾವು. ಅಂಥವರನ್ನ ಕೂರಿಸಿ ನಿನ್ನ ಬಗ್ಗೆ ಹೇಳು ಅಂದ್ರೆ ನಾಲಿಗೆ ತಾನಾಗೇ ‘ನಾವು’ ಅನ್ನುತ್ತೆ.

ಈಗ ನಾನು ಮೇಜಿನ ಆ ಕಡೆಗೆ ಕೂರ್ತೀನಿ. ವರ್ಷಕ್ಕೆ ಒಂದಷ್ಟು ಜನ ಫ್ರೆಶರ್‌ಗಳ ಇಂಟರ್‌ವ್ಯೂ ಮಾಡ್ತೀನಿ. ಆದ್ದರಿಂದ ಆ ಕಡೆ ಏನು ನಡೆಯುತ್ತೆ ಅನ್ನೋದನ್ನೇ ಅವಳಿಗೆ ಮೊದಲು ಹೇಳಿದೆ. ಇಂಟರ್‌ವ್ಯೂ ಮುಗಿದ ಮೇಲೆ ನಾವು ಒಂದು ಫಾರ್ಮ್ ತುಂಬಬೇಕು. ಭಿನ್ನಾಭಿಪ್ರಾಯ ಬಂದಾಗ ಹೇಗೆ ನಡ್ಕೋತಾರೆ, ತಪ್ಪಾದಾಗ ಏನು ಮಾಡ್ತಾರೆ, ಗೊತ್ತಿಲ್ಲದ ವಿಷಯ ಹೇಗೆ ಕಲೀತಾರೆ ಅಂತ ಒಂದೊಂದು ಸಾಲು ಇರುತ್ತೆ. ಪ್ರತಿ ಸಾಲಿಗೂ ಒಂದು ಅಂಕ, ಪಕ್ಕದಲ್ಲಿ ಆ ಅಂಕಕ್ಕೆ ಪುರಾವೆ. ಪುರಾವೆ ಅಂದ್ರೆ ಅಭ್ಯರ್ಥಿ ಹೇಳಿದ ಒಂದು ನಡೆದ ಘಟನೆ, ಅದರಲ್ಲಿ ಅವನೋ ಅವಳೋ ಮಾಡಿದ ಕೆಲಸ. “ನಾನು ಸಾಮಾನ್ಯವಾಗಿ ಎಲ್ಲರ ಜೊತೆ ಮಾತಾಡಿ ಬಗೆಹರಿಸ್ತೀನಿ” ಅಂತ ಹೇಳಿದ್ರೆ ಅಲ್ಲಿ ಬರೆಯೋಕೆ ಏನೂ ಇಲ್ಲ, ಅದು ಅಭಿಪ್ರಾಯ. “ನಮ್ಮ ಟೀಮ್ ರಾತ್ರಿಯೆಲ್ಲಾ ಕೂತು ಸರಿ ಮಾಡಿದ್ವಿ” ಅಂದ್ರೂ ಏನೂ ಇಲ್ಲ, ಯಾಕಂದ್ರೆ ಟೀಮ್ ಇಂಟರ್‌ವ್ಯೂಗೆ ಬಂದಿಲ್ಲ. ಎದುರಿಗಿರೋ ಹುಡುಗಿ ಬುದ್ಧಿವಂತೆ ಅಂತ ನನಗೆ ಗೊತ್ತಾಗ್ತಿದ್ರೂ ಪುರಾವೆಯ ಜಾಗ ಖಾಲಿ ಇದ್ದರೆ ನಾನು ಅಂಕ ಕೊಡೋಕಾಗಲ್ಲ.

“ಹಾಗಾದ್ರೆ ಕಾಲೇಜಿನ ಉದಾಹರಣೆ ಆದ್ರೂ ನಡೆಯುತ್ತಾ?” ಅಂದಳು.

ನಡೆಯುತ್ತೆ. ಫ್ರೆಶರ್ ಹತ್ತಿರ ಕಂಪನಿ ಅನುಭವ ಇರಲ್ಲ ಅಂತ ಕೇಳೋರಿಗೂ ಗೊತ್ತು. ಘಟನೆ ದೊಡ್ಡದಾಗಿರಬೇಕು ಅಂತೇನಿಲ್ಲ. ಅದು ನಡೆದಿರಬೇಕು, ಅದರಲ್ಲಿ ನೀನು ಇರಬೇಕು.

ಶನಿವಾರ ಬೆಳಗ್ಗೆ ತಿಂಡಿ ಆದ ಮೇಲೆ ಕೂತೆವು. ಮೊದಲು ಏನೂ ಹೇಳಿಕೊಡದೆ ಒಂದು ಪ್ರಶ್ನೆ ಕೇಳಿ, ಮೊಬೈಲಲ್ಲಿ ರೆಕಾರ್ಡ್ ಮಾಡಿದೆ. “ನಿನ್ನ ಪ್ರಾಜೆಕ್ಟಲ್ಲಿ ಏನೋ ಕೆಟ್ಟುಹೋಗಿ, ಅದನ್ನ ನೀನು ಸರಿ ಮಾಡಿದ ಒಂದು ಸಂದರ್ಭ ಹೇಳು.” ಅವಳ ಪ್ರಾಜೆಕ್ಟು ತೋಟಕ್ಕೆ ತಾನಾಗೇ ನೀರು ಬಿಡುವ ಯಂತ್ರ. ಮಣ್ಣಲ್ಲಿ ತೇವ ನೋಡೋ ಒಂದು ಸೆನ್ಸರ್, ಅದನ್ನ ಓದೋಕೆ ನೋಡ್‌ಎಂಸಿಯು ಬೋರ್ಡು, ಮಣ್ಣು ಒಣಗಿದ್ರೆ ರಿಲೇ ಮೂಲಕ ಪಂಪ್ ಆನ್. ಇಂಜಿನಿಯರಿಂಗ್ ಓದಿದವರಿಗೆಲ್ಲ ಪರಿಚಯದ ಪ್ರಾಜೆಕ್ಟೇ.

ಉತ್ತರ 4 ನಿಮಿಷ 10 ಸೆಕೆಂಡ್ ಆಯಿತು. ಇಬ್ಬರೂ ವಾಪಸ್ ಕೇಳಿಸಿಕೊಂಡೆವು. ಮೊದಲ 3 ನಿಮಿಷ ರೈತರಿಗೆ ನೀರಿನ ಸಮಸ್ಯೆ, ಪ್ರಾಜೆಕ್ಟಿನ ಉದ್ದೇಶ, ಯಾವ್ಯಾವ ಭಾಗ ಬಳಸಿದ್ದೇವೆ ಅನ್ನೋದಕ್ಕೇ ಹೋಗಿತ್ತು. ಅದು ವೈವಾದಲ್ಲಿ ಎಕ್ಸ್‌ಟರ್ನಲ್ ಮುಂದೆ ಹೇಳೋ ಪಾಠ. ಆಮೇಲೆ “ಒಂದ್ಸಲ ಸೆನ್ಸರ್ ತಪ್ಪು ರೀಡಿಂಗ್ ಕೊಡ್ತಿತ್ತು, ಚೆಕ್ ಮಾಡಿ ಅದನ್ನ ಸರಿ ಮಾಡಿದ್ವಿ, ಎಫಿಶಿಯೆನ್ಸಿ 40% ಜಾಸ್ತಿ ಆಯ್ತು” ಅಂತ ಮೂರು ಮಾತಲ್ಲಿ ಮುಗಿಸಿದ್ದಳು.

“40% ಎಲ್ಲಿಂದ ಬಂತು?” ಅಂತ ಕೇಳಿದೆ.

ತಲೆ ತಗ್ಗಿಸಿದಳು. “ರಿಪೋರ್ಟಲ್ಲಿ ಹಾಗೇ ಬರ್ದಿದ್ವಿ ಅಣ್ಣ. ನಂಬರ್ ಇರಬೇಕು ಅಂದ್ರು.”

ಈ ಶೇಕಡಾ ಲೆಕ್ಕಗಳು ಫ್ರೆಶರ್‌ಗಳನ್ನ ಮುಳುಗಿಸೋದು ನಾನು ಕಣ್ಣಾರೆ ನೋಡಿದ್ದೀನಿ. ಕೇಳೋರು “ಹೇಗೆ ಅಳೆದ್ರಿ? ಮೊದಲು ಎಷ್ಟಿತ್ತು?” ಅಂತ ಎರಡೇ ಪ್ರಶ್ನೆ ಕೇಳಿದ್ರೂ ಸಾಕು. ಅಲ್ಲಿ ತಡವರಿಸಿದ್ರೆ, ಅದಕ್ಕೂ ಮುಂಚೆ ಹೇಳಿದ ನಿಜಾನೂ ಸುಳ್ಳಿನ ಲೆಕ್ಕಕ್ಕೇ ಹೋಗುತ್ತೆ.

ಆಮೇಲೆ ಅವಳ ಉತ್ತರವನ್ನ ಕನ್ನಡದಲ್ಲಿ ಒಂದು ಹಾಳೆ ಮೇಲೆ ಬರೆಯೋಕೆ ಹೇಳಿದೆ. ಕನ್ನಡದಲ್ಲೇ ಯಾಕೆ ಅಂದ್ರೆ ನಮ್ಮ ಭಾಷೆಯಲ್ಲಿ ಕ್ರಿಯಾಪದದ ಬಾಲ ನೋಡಿದ್ರೆ ಯಾರು ಮಾಡಿದ್ದು ಅಂತ ಗೊತ್ತಾಗುತ್ತೆ. ಮಾಡಿದೆ, ಮಾಡಿದ್ವಿ, ಮಾಡಿದ, ಮಾಡಿದಳು. ಇಂಗ್ಲಿಷಿನ ‘ಡಿಡ್’ಗೆ ಆ ಬಾಲ ಇಲ್ಲ. ಬರೆದಾದ ಮೇಲೆ ಕೆಂಪು ಪೆನ್ನಲ್ಲಿ ‘ದ್ವಿ’ ಅಂತ ಮುಗಿಯೋ ಪ್ರತಿ ಪದದ ಕೆಳಗೆ ಗೆರೆ ಎಳೆಯೋಕೆ ಹೇಳಿದೆ. ಹನ್ನೊಂದು ಗೆರೆ ಬಿತ್ತು. ಪ್ರತಿ ಗೆರೆಗೂ ಒಂದೇ ಪ್ರಶ್ನೆ. ಯಾರ ಕೈ ಅಲ್ಲಿತ್ತು?

“ಚೆಕ್ ಮಾಡಿದ್ವಿ ಅಂತ ಬರ್ದಿದ್ದೀಯ. ಯಾರು?”

“ನಾನೇ.”

“ಏನು ಚೆಕ್ ಮಾಡ್ದೆ? ಎಲ್ಲಿ? ಯಾವ ದಿನ?”

ಇಲ್ಲಿಂದ ನಿಜವಾದ ಕಥೆ ಹೊರಗೆ ಬಂತು. ಒಂದು ಶನಿವಾರ ಸಂಜೆ ಯಂತ್ರವನ್ನ ಲ್ಯಾಬಲ್ಲಿ ಒಂದು ಹೂವಿನ ಕುಂಡಕ್ಕೆ ಜೋಡಿಸಿ, ಆನ್ ಮಾಡಿಟ್ಟು ಹೋಗಿದ್ದರು. ಸೋಮವಾರ ಬಂದು ನೋಡಿದ್ರೆ ಬಕೆಟ್ ಖಾಲಿ, ಮೇಜು, ನೆಲ ಎಲ್ಲಾ ನೀರು, ಕುಂಡದಲ್ಲಿ ಕೆಸರು. ಅಷ್ಟಾದ್ರೂ ಸ್ಕ್ರೀನ್ ಮೇಲೆ ಮಣ್ಣು ಒಣಗಿದೆ ಅಂತಲೇ ತೋರಿಸ್ತಿತ್ತು. ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ ಬೈಸಿಕೊಂಡು ನೆಲ ಒರೆಸಿದ್ದೂ ಇವಳೇ. ಮೊದಲು ಕೋಡ್ ತಪ್ಪಿರಬೇಕು ಅಂತ ಎರಡು ದಿನ ಅದನ್ನೇ ನೋಡಿದಳಂತೆ. ಏನೂ ಸಿಗಲಿಲ್ಲ. ಮೂರನೇ ದಿನ ಸೆನ್ಸರನ್ನ ಕುಂಡದಿಂದ ಕಿತ್ತು ಒಂದು ಲೋಟ ನೀರಲ್ಲಿ ಅದ್ದಿದಳು. ಆ ಸೆನ್ಸರ್ ಕೊಡೋ ಅಂಕಿ 0ಯಿಂದ 1023ರವರೆಗೆ, ಒಣಗಿದ್ರೆ ಹೆಚ್ಚು, ಒದ್ದೆ ಇದ್ರೆ ಕಡಿಮೆ. ನೀರಲ್ಲಿ ಅದ್ದಿದ್ರೂ 800ರ ಮೇಲೇ ನಿಂತಿತ್ತು. ಪೆಟ್ಟಿಗೆಯಲ್ಲಿದ್ದ ಇನ್ನೊಂದು ಹೊಸ ಸೆನ್ಸರನ್ನ ಅದೇ ಲೋಟಕ್ಕೆ ಅದ್ದಿದಾಗ 400ಕ್ಕಿಂತ ಕೆಳಗೆ ಬಂತು. ಕೋಡ್ ಅದೇ, ವೈರ್ ಅದೇ, ನೀರು ಅದೇ. ಅಂದ್ರೆ ಸೆನ್ಸರ್ರೇ ಹಾಳಾಗಿದೆ.

ಹಳೆಯದನ್ನ ಒರೆಸಿ ನೋಡಿದ್ರೆ ಎರಡು ಕಡ್ಡಿಗಳಲ್ಲಿ ಒಂದರ ತಾಮ್ರ ಸವೆದುಹೋಗಿ ಕಪ್ಪಾಗಿತ್ತು. ಒದ್ದೆ ಮಣ್ಣಲ್ಲಿ ದಿನಪೂರ್ತಿ ಒಂದೇ ದಿಕ್ಕಿಗೆ ಕರೆಂಟ್ ಹರೀತಿದ್ರೆ ತಾಮ್ರ ಕರಗಿ ಹೋಗುತ್ತೆ. ಪಿಯುಸಿಯಲ್ಲಿ ಓದಿದ ಎಲೆಕ್ಟ್ರಾಲಿಸಿಸ್ಸೇ ಅದು. ಬರೀ ಸೆನ್ಸರ್ ಬದಲಾಯಿಸಿದ್ರೆ ಹೊಸದೂ ಅದೇ ದಾರಿ ಹಿಡಿಯುತ್ತೆ ಅಂತ ಅವಳಿಗೆ ಹೊಳೆಯಿತು. ಆದ್ದರಿಂದ ಒಂದು ಟ್ರಾನ್ಸಿಸ್ಟರ್ ಹಾಕಿಸಿ, 15 ನಿಮಿಷಕ್ಕೊಂದು ಸಲ ಓದೋ ಹೊತ್ತಲ್ಲಿ ಮಾತ್ರ ಸೆನ್ಸರ್‌ಗೆ ಕರೆಂಟ್ ಹೋಗೋ ಹಾಗೆ ಕೋಡ್ ಬದಲಾಯಿಸಿದಳು. ಮೊದಲನೆಯದು ಸುಮಾರು 3 ವಾರಕ್ಕೆ ಹಾಳಾಗಿತ್ತು. ಎರಡನೆಯದು ವೈವಾ ದಿನದವರೆಗೆ, ಅಂದ್ರೆ 5 ವಾರ ಆದ್ರೂ ಲೋಟದ ನೀರಲ್ಲಿ ಮೊದಲಿನ ಅಂಕಿಯನ್ನೇ ಕೊಡ್ತಿತ್ತು. ಪ್ರತಿ ವಾರ ಅದ್ದಿ ನೋಡಿ ಬರೆದಿಟ್ಟಿದ್ದಳು.

“ಇಷ್ಟೆಲ್ಲಾ ಮಾಡಿ ‘ಸರಿ ಮಾಡಿದ್ವಿ’ ಅಂತ ಒಂದು ಪದದಲ್ಲಿ ಮುಚ್ಚಿಟ್ಟಿದ್ದೀಯಲ್ಲೇ!” ಅಂದೆ. ನನಗೆ ಅವತ್ತು ನನ್ನ ಮೇಲೇ ಸಿಟ್ಟು ಬಂದ ಹಾಗಾಯಿತು. ನನ್ನ ಡೇಟಾಬೇಸ್‌ದೂ ಹೀಗೇ ಒಂದು ಕಥೆ ಇತ್ತು. ಕೇಳೋರು ಯಾರೂ ಇರಲಿಲ್ಲ.

ನೋಡಿ, ಇಲ್ಲಿ ರಿಸಲ್ಟ್ ಅಂದ್ರೆ ‘3 ವಾರಕ್ಕೆ ಹಾಳಾಗ್ತಿದ್ದದ್ದು 5 ವಾರ ಆದ್ರೂ ಕೆಲಸ ಮಾಡ್ತಿತ್ತು’ ಅನ್ನೋದೇ. 40% ಬೇಡ. ಕಾಲೇಜ್ ಪ್ರಾಜೆಕ್ಟಿಗೆ ಗಿರಾಕಿ ಇರಲ್ಲ, ಲಾಭ ಇರಲ್ಲ, ಮಾರ್ಕ್ಸ್ ಕೂಡ ಹೆಚ್ಚುಕಮ್ಮಿ ನಾಲ್ಕೂ ಜನಕ್ಕೆ ಒಂದೇ ಬಂದಿರುತ್ತೆ. ಆದರೆ ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು, ನಾನು ಹೀಗೆ ಅಳೆದೆ ಅಂತ ಹೇಳೋಕೆ ಸಾಧ್ಯ ಇರುತ್ತೆ. ಸಣ್ಣ ಅಂಕಿಯಾದ್ರೂ ಎರಡು ಪ್ರಶ್ನೆ ತಡ್ಕೊಳ್ಳುತ್ತೆ.

ಉತ್ತರ ಜೋಡಿಸೋಕೆ ಎಲ್ಲರೂ ಹೇಳೋ ‘ಸ್ಟಾರ್’ ವಿಧಾನವನ್ನೇ ಬಳಸಿದೆವು. ಸಿಚುಯೇಷನ್, ಟಾಸ್ಕ್, ಆಕ್ಷನ್, ರಿಸಲ್ಟ್. ಎಲ್ಲಿ ಏನಾಯಿತು, ನನ್ನ ಪಾಲಿಗೆ ಬಂದದ್ದೇನು, ನಾನು ಮಾಡಿದ್ದೇನು, ಕೊನೆಗೆ ಏನಾಯಿತು. ಇದನ್ನ ಬಾಯಿಪಾಠ ಮಾಡಿದವರೂ ಎಡವೋದು ಅಳತೆಯಲ್ಲಿ. ಒಟ್ಟು 2 ನಿಮಿಷ ಅಂತ ಇಟ್ಟುಕೊಂಡ್ರೆ ಮೊದಲೆರಡು ಸೇರಿ ಅರ್ಧ ನಿಮಿಷ ಸಾಕು. “ಮಣ್ಣಿನ ತೇವ ನೋಡಿ ಪಂಪ್ ಆನ್ ಮಾಡೋ ಯಂತ್ರ, ನಾಲ್ಕು ಜನ, ಬೋರ್ಡಿನ ಕೋಡು ಮತ್ತೆ ಟೆಸ್ಟಿಂಗ್ ನನ್ನದು. ಡೆಮೊಗೆ ಆರು ವಾರ ಇರೋವಾಗ ಪಂಪ್ ನಿಲ್ಲದೆ ಓಡಿ ಲ್ಯಾಬಲ್ಲಿ ನೀರು ತುಂಬಿತು.” ಇಷ್ಟೇ. ರೈತರ ಕಷ್ಟ ಇಲ್ಲಿ ಬೇಡ. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಲೋಟದ ನೀರಿನ ಹತ್ತಿರ ಇರಬೇಕು. ಕೊನೆಗೆ ಫಲಿತಾಂಶ, ಜೊತೆಗೆ ಒಂದು ಕಲಿತ ಮಾತು. ಅವಳ ಕಲಿತ ಮಾತು ಚೆನ್ನಾಗಿತ್ತು. “ಎರಡು ದಿನ ಕೋಡ್ ನೋಡೋ ಮುಂಚೆ ಎರಡು ನಿಮಿಷ ಲೋಟದ ನೀರಲ್ಲಿ ಅದ್ದಿ ನೋಡಬೇಕಿತ್ತು.” ಮಧ್ಯಾಹ್ನ ಮತ್ತೆ ರೆಕಾರ್ಡ್ ಮಾಡಿದಾಗ 2 ನಿಮಿಷ 5 ಸೆಕೆಂಡ್ ಬಂತು.

ಒಂದು ಕಥೆ ಸಾಲದು. ಬೇರೆ ಘಟನೆ ನೆನಪೇ ಇಲ್ಲ ಅಂದಳು. ಎಲ್ಲರೂ ಹಾಗೇ ಅಂತಾರೆ. ನೆನಪಿನಿಂದ ಹುಡುಕಿದ್ರೆ ಸಿಗಲ್ಲ, ದಾಖಲೆ ತೆಗೀಬೇಕು. ಪ್ರಾಜೆಕ್ಟಿನ ವಾಟ್ಸಾಪ್ ಗ್ರೂಪ್ ಮೊದಲಿಂದ ಓದು, ಗೈಡ್‌ಗೆ ಕಳಿಸಿದ ಮೇಲ್ ನೋಡು, ರಿವ್ಯೂ ದಿನಾಂಕಗಳನ್ನ ಬರ್ಕೊ ಅಂದೆ. ಕೋಡ್ ಗಿಟ್‌ನಲ್ಲಿತ್ತು, ಅಲ್ಲಿ ಈ ಒಂದು ಸಾಲು ಓಡಿಸಿದೆವು.

```
git log --author="her-name" --date=short --pretty="%ad %s"
```

`her-name` ಇರೋ ಕಡೆ ಅವಳ ಹೆಸರು ಹಾಕಿದ್ರೆ ಅವಳು ಮಾಡಿದ ಬದಲಾವಣೆಗಳು ಮಾತ್ರ ದಿನಾಂಕದ ಸಮೇತ ಬರುತ್ತೆ. ಎಲ್ಲಿ ಒಂದೇ ದಿನ ಏಳೆಂಟು ಬದಲಾವಣೆ ಇದೆಯೋ ಅಲ್ಲಿ ಏನೋ ಕೆಟ್ಟಿತ್ತು ಅಂತ ಅರ್ಥ. ವಾಟ್ಸಾಪಲ್ಲಿ ಎಲ್ಲಿ ಜಗಳ ಆಗಿದೆಯೋ, ಎಲ್ಲಿ ಎರಡು ದಿನ ಯಾರೂ ಮಾತಾಡಿಲ್ಲವೋ, ಅಲ್ಲೂ ಒಂದು ಕಥೆ ಇರುತ್ತೆ.

ಅಂಥ ಒಂದು ಮೌನ ಮಾರ್ಚ್ ತಿಂಗಳಲ್ಲಿ ಸಿಕ್ಕಿತು. ಏನಾಗಿತ್ತು ಅಂತ ಕೇಳಿದೆ. “ಏನಿಲ್ಲ ಅಣ್ಣ, ಒಬ್ಬ ಹುಡುಗ ಕೆಲಸಕ್ಕೆ ಬರ್ತಿರ್ಲಿಲ್ಲ. ಆಮೇಲೆ ಕನ್ವಿನ್ಸ್ ಮಾಡಿದ್ವಿ.”

ಮತ್ತೆ ‘ದ್ವಿ’. ‘ಕನ್ವಿನ್ಸ್’ ಕೂಡ ಒಂದು ಮುಚ್ಚಳ. ಟೀಮಲ್ಲಿ ಒಬ್ಬ ಕೆಲಸ ಮಾಡಲಿಲ್ಲ ಅನ್ನೋದು ಫ್ರೆಶರ್‌ಗಳು ಅತಿ ಹೆಚ್ಚು ಹೇಳೋ ಕಥೆ. ಅದರಲ್ಲಿ ಹೇಳೋರು ಯಾವಾಗಲೂ ಒಳ್ಳೆಯವರು, ಇನ್ನೊಬ್ಬ ಯಾವಾಗಲೂ ಸೋಮಾರಿ. ಕೇಳೋ ನಮಗೆ ಅದು ದೂರು ಅನ್ನಿಸುತ್ತೆ, ಪುರಾವೆ ಅನ್ನಿಸಲ್ಲ. ಮುಚ್ಚಳ ತೆಗೆಸೋಕೆ ಸ್ವಲ್ಪ ಹೊತ್ತು ಹಿಡೀತು.

ಆ ಹುಡುಗನ ಪಾಲಿಗೆ ವೈರಿಂಗ್ ಮತ್ತೆ ರಿಲೇ ಬಂದಿತ್ತು. ಕಾಲೇಜ್ ಮುಗಿದ ತಕ್ಷಣ ಮಾಯ ಆಗ್ತಿದ್ದ. ಫೋನ್ ಎತ್ತಲ್ಲ. ಎರಡನೇ ರಿವ್ಯೂಗೆ ಎಂಟು ದಿನ ಇತ್ತು. ಇವಳು ಸಿಟ್ಟಲ್ಲಿ ಸ್ಲೈಡಿನಿಂದ ಅವನ ಹೆಸರನ್ನೇ ತೆಗೆದುಬಿಟ್ಟಳು. ಜೊತೆಗಿದ್ದ ಗೆಳತಿ “ಒಂದು ಮಾತು ಕೇಳಿ ಆಮೇಲೆ ತೆಗಿ” ಅಂದದ್ದಕ್ಕೆ, ಯಾರನ್ನೋ ವಿಚಾರಿಸಿ ಹುಡುಕಿಕೊಂಡು ಹೋದಳು. ಅವನು ಒಂದು ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತಿದ್ದ. ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಅಲ್ಲಿ ಕೆಲಸ, ಪರೀಕ್ಷೆ ಫೀಸು ಅದರಿಂದಲೇ ಕಟ್ಟಬೇಕಿತ್ತು. ಗುಂಪಲ್ಲಿ ಹೇಳೋಕೆ ನಾಚಿಕೆ. ಇವಳು ಅಲ್ಲೇ ನಿಂತು “ಬೆಳಗ್ಗೆ ಬರೋಕಾಗುತ್ತಾ?” ಅಂತ ಕೇಳಿದಳು. ಮಾರನೇ ದಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ, ಒಂದು ವಾರ ಎಂಟು ಗಂಟೆಗೆ ಬಾಗಿಲು ತೆಗೆಸಿಕೊಡಿ ಅಂತ ಒಪ್ಪಿಸಿದಳು. ಕ್ಲಾಸಿಗೆ ಮುಂಚೆ ದಿನಾ ಒಂದು ಗಂಟೆ ಅವನು ವೈರಿಂಗ್ ಮಾಡಿದ, ಇವಳು ಪಕ್ಕದಲ್ಲಿ ಟೆಸ್ಟ್ ಮಾಡಿದಳು. ರಿವ್ಯೂ ಹೊತ್ತಿಗೆ ರಿಲೇ ಕೆಲಸ ಮಾಡ್ತಿತ್ತು. ಅವನ ಹೆಸರು ಸ್ಲೈಡಿಗೆ ವಾಪಸ್ ಬಂತು.

“ಹೆಸರು ತೆಗ್ದಿದ್ದನ್ನ ಹೇಳ್ಬೇಕಾ ಅಣ್ಣ? ಕೆಟ್ಟವಳ ಥರ ಕಾಣ್ತೀನಲ್ಲ.”

ಹೇಳು ಅಂದೆ. ಆ ಕಥೆಯಲ್ಲಿ ಅವಳು ಬದಲಾದದ್ದು ಅಲ್ಲೇ. ಅದನ್ನ ಬಿಟ್ಟರೆ ಉಳಿಯೋದು ಒಳ್ಳೆ ಹುಡುಗಿ ಒಬ್ಬಳು ಬಡ ಹುಡುಗನಿಗೆ ಸಹಾಯ ಮಾಡಿದ ಕಥೆ. ಹಾಗೇ ಕೊನೆಯೂ ಪೂರ್ತಿ ಸುಖವಾಗಿಲ್ಲ. ವೈವಾದಲ್ಲಿ ಎಕ್ಸ್‌ಟರ್ನಲ್ ಆ ಹುಡುಗನನ್ನ ಕೋಡ್ ಬಗ್ಗೆ ಕೇಳಿದರು, ಅವನಿಗೆ ಉತ್ತರ ಬರಲಿಲ್ಲ. ಬೆಳಗಿನ ಆ ಒಂದು ಗಂಟೆಯಲ್ಲಿ ಇವಳು ಅವನಿಂದ ಕೆಲಸ ಮಾಡಿಸಿಕೊಂಡಳು, ಕೋಡ್ ತೋರಿಸಿಕೊಡಲಿಲ್ಲ. “ಮತ್ತೆ ಅವಕಾಶ ಸಿಕ್ಕರೆ ಏನು ಬೇರೆ ಥರ ಮಾಡ್ತೀರಿ?” ಅಂತ ಕೇಳೇ ಕೇಳ್ತಾರೆ. ಅದಕ್ಕೆ ನಿಜವಾದ ಉತ್ತರ ಇದೇ.

ಆದರೆ ಒಂದು ಎಚ್ಚರಿಕೆಯನ್ನೂ ಹೇಳಿದೆ. ‘ನಾವು’ ತೆಗೆದು ‘ನಾನು’ ಹಾಕುವ ಭರದಲ್ಲಿ ಬೇರೆಯವರ ಕೆಲಸವನ್ನೂ ನುಂಗಬಾರದು. ಮೊಬೈಲ್ ಆಪ್ ಇನ್ನೊಬ್ಬ ಹುಡುಗಿ ಮಾಡಿದ್ದು. ಅದನ್ನ “ಆಪ್ ನನ್ನ ಗೆಳತಿ ಮಾಡಿದಳು, ಅದಕ್ಕೆ ಡೇಟಾ ಕಳಿಸೋ ಭಾಗ ನಾನು ಬರೆದೆ” ಅಂತಲೇ ಹೇಳಬೇಕು. ಹಾಗೆ ಗೆರೆ ಎಳೆದು ಹೇಳುವವರ ‘ನಾನು’ ನಂಬಿಕೆಗೆ ಬರುತ್ತೆ. ಇದನ್ನ ಖಚಿತ ಮಾಡಿಕೊಳ್ಳೋಕೆ ಒಂದೇ ದಾರಿ, ಆ ಮೂವರಿಗೂ ಫೋನ್ ಮಾಡಿ ‘ಹೀಗೆ ಹೇಳ್ತಿದ್ದೀನಿ, ಸರಿನಾ?’ ಅಂತ ಕೇಳೋದು. ಅವಳು ಹಿಂದೆಮುಂದೆ ನೋಡಿದಳು. ಹುಡುಗಿಯರಿಬ್ಬರಿಗೆ ಆಗಲೇ ಮಾಡಿದಳು. ಆ ಹುಡುಗನಿಗೆ ಮಾಡಲಿಲ್ಲ.

ಇಲ್ಲಿ ಒಂದು ಮಾತು. ಎಲ್ಲರ ಪ್ರಾಜೆಕ್ಟೂ ಇವಳದ್ದರ ಹಾಗೆ ಸ್ವಂತದ್ದಾಗಿರಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ರೆಡಿಮೇಡ್ ತಂದವರು ನಮ್ಮ ಬ್ಯಾಚಲ್ಲೂ ಇದ್ದರು, ಈಗಲೂ ಇದ್ದಾರೆ. ಹಾಗಿದ್ದರೆ ಆ ಪ್ರಾಜೆಕ್ಟನ್ನ ‘ನಾನು ಕಟ್ಟಿದೆ’ ಅನ್ನೋ ಕಥೆಗೆ ಬಳಸಬೇಡಿ, ಮೂರನೇ ‘ಯಾಕೆ’ಗೆ ಕುಸಿಯುತ್ತೆ. ನೇರವಾಗಿ ಕೇಳಿದ್ರೆ ಒಪ್ಪಿಕೊಳ್ಳೋದೇ ಮೇಲು. ಆದ್ರೆ ನಾಲ್ಕು ವರ್ಷದಲ್ಲಿ ಬೇರೇನೂ ಆಗಿಲ್ಲ ಅಂತಲ್ಲ. ಲ್ಯಾಬಿನ ಮಿನಿ ಪ್ರಾಜೆಕ್ಟು, ಫೆಸ್ಟಿಗೆ ಹಣ ಕೂಡಿಸಿದ್ದು, ಹಾಸ್ಟೆಲ್ ಮೆಸ್ಸಿನ ಲೆಕ್ಕ ನೋಡಿಕೊಂಡದ್ದು, ಎನ್ನೆಸ್ಸೆಸ್ ಕ್ಯಾಂಪಲ್ಲಿ ಅಡಿಗೆ ಸಾಮಾನು ಸಾಲದೆ ಬಂದದ್ದು, ಎಲ್ಲದರಲ್ಲೂ ನಾಲ್ಕು ಜನ, ಒಂದು ಗಡುವು, ಒಂದು ಎಡವಟ್ಟು ಇದ್ದೇ ಇರುತ್ತೆ.

ಸಂಜೆ ಹೊತ್ತಿಗೆ ಅವಳ ಹತ್ತಿರ ನಾಲ್ಕು ಘಟನೆ ಆದವು. ಲ್ಯಾಬಿನ ನೀರು, ಮೆಡಿಕಲ್ ಶಾಪು, ಮೊದಲ ರಿವ್ಯೂದಲ್ಲಿ ಗೈಡ್ ‘ಇದರಲ್ಲಿ ಹೊಸದೇನಿದೆ’ ಅಂತ ವಾಪಸ್ ಕಳಿಸಿದ್ದು, ಫೆಸ್ಟಿನ ನೋಂದಣಿ ಪುಸ್ತಕ ಕಳೆದುಹೋಗಿ ಇವಳು ಹೆಸರುಗಳನ್ನೆಲ್ಲ ಮತ್ತೆ ಕೂಡಿಸಿದ್ದು. ಪ್ರಶ್ನೆಗಳು ನೂರಿರಬಹುದು, ಆದರೆ ಕೇಳೋದು ಕೆಲವೇ ವಿಷಯ. ಜಗಳ, ತಪ್ಪು, ಗಡುವು, ಟೀಕೆ, ಹೊಸದು ಕಲಿತದ್ದು, ಯಾರೂ ಹೇಳದೆ ಮುಂದೆ ಬಿದ್ದು ಮಾಡಿದ್ದು. ಅಮೆಜಾನ್‌ನಂಥ ಕಂಪನಿ ತನ್ನ 16 ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳನ್ನ ವೆಬ್‌ಸೈಟಿನಲ್ಲೇ ಹಾಕಿ, ಇದರ ಮೇಲೇ ಕೇಳ್ತೀವಿ ಅನ್ನುತ್ತೆ. ಒಂದು ಹಾಳೆಯಲ್ಲಿ ಎಡಗಡೆ ಆರು ವಿಷಯ, ಮೇಲೆ ನಾಲ್ಕು ಘಟನೆ ಬರೆದು ಎಲ್ಲಿ ಯಾವುದು ಹೊಂದುತ್ತೆ ಅಂತ ಗುರುತು ಹಾಕಿದಳು. ಲ್ಯಾಬಿನ ನೀರೊಂದೇ ಮೂರು ಕಡೆ ಹೊಂದಿತು. ಯಾವ ಸಾಲೂ ಖಾಲಿ ಉಳಿಯಲಿಲ್ಲ.

ಭಾನುವಾರ ಪೂರ್ತಿ ಇಂಗ್ಲಿಷಿನ ಕೆಲಸ. ಉತ್ತರವನ್ನ ಪೂರ್ತಿ ಬರೆದು ಉರು ಹೊಡೆಯೋಕೆ ಬಿಡಲಿಲ್ಲ. ಉರು ಹೊಡೆದವರನ್ನ ಮಧ್ಯೆ ಒಂದು ಪ್ರಶ್ನೆ ಕೇಳಿ ನಿಲ್ಲಿಸಿದ್ರೆ ಮತ್ತೆ ಮೊದಲಿಂದ ಶುರು ಮಾಡ್ತಾರೆ, ನೋಡೋಕೆ ಕಷ್ಟ ಆಗುತ್ತೆ. ಅದರ ಬದಲು ಒಂದೊಂದು ಘಟನೆಗೆ ಐದಾರು ಪದ. ಬಕೆಟ್ ಖಾಲಿ, ಎರಡು ದಿನ ಕೋಡ್, ಲೋಟ, ಕಪ್ಪು ಕಡ್ಡಿ, 15 ನಿಮಿಷ, 3 ವಾರ, 5 ವಾರ. ಪದ ನೋಡಿಕೊಂಡು ಪ್ರತಿ ಸಲ ಬೇರೆ ಬೇರೆ ಮಾತಲ್ಲಿ, ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿಸಿದೆ. “ಐ ಪುಟ್ ದಿ ಸೆನ್ಸರ್ ಇನ್ ಎ ಗ್ಲಾಸ್ ಆಫ್ ವಾಟರ್.” ಇಂಥ ಇಂಗ್ಲಿಷ್ ಸಾಕೇ ಸಾಕು. ಅವಳು ಎಲ್ಲಿ ನಿಜ ನೆನಪಿಸಿಕೊಂಡು ಹೇಳ್ತಿದ್ದಳೋ ಅಲ್ಲಿ ಇಂಗ್ಲಿಷ್ ಎಡವಲಿಲ್ಲ. ‘ಲಿವರೇಜ್ಡ್’, ‘ಸಿನರ್ಜಿ’ ಅಂತ ಯಾವುದೋ ವಿಡಿಯೋದಿಂದ ಎತ್ತಿಕೊಂಡ ಪದ ಬಂದ ಕಡೆಯಲ್ಲೇ ತಡವರಿಸ್ತಿದ್ದಳು.

ನಾನು ಮಧ್ಯೆ ಮಧ್ಯೆ ಬಾಯಿ ಹಾಕ್ತಿದ್ದೆ. ಯಾಕೆ ಹಾಗೆ ಮಾಡಿದೆ? ಬೇರೆ ದಾರಿ ಇರಲಿಲ್ವಾ? ಗೈಡ್ ಹತ್ತಿರ ಯಾಕೆ ಹೋಗಲಿಲ್ಲ? ಇನ್ನೊಬ್ಬರು ಏನಂದ್ರು? ಪ್ರತಿ ಘಟನೆಗೂ ಹೀಗೆ ನಾಲ್ಕೈದು. ಉತ್ತರ ಗೊತ್ತಿಲ್ಲದ ಕಡೆ “ಅದನ್ನ ನಾನು ಯೋಚಿಸಿರಲಿಲ್ಲ” ಅಂತ ಹೇಳೋದನ್ನೂ ಅಭ್ಯಾಸ ಮಾಡಿಸಿದೆ. ಅದೂ ಒಂದು ಉತ್ತರವೇ.

ರಾತ್ರಿ ಊಟ ಆದ ಮೇಲೆ ಬಾಲ್ಕನಿಯಲ್ಲಿ ಫೋನ್ ಹಿಡಿದು ತುಂಬಾ ಹೊತ್ತು ಮಾತಾಡ್ತಿದ್ದಳು. ಒಳಗೆ ಬಂದಾಗ ಕಣ್ಣು ಒದ್ದೆ ಇತ್ತು. ಆ ಹುಡುಗನಿಗೇ ಮಾಡಿದ್ದಳು. “ಅವನ ಹೆಸರು ತೆಗ್ದಿದ್ದು ಅವನಿಗೆ ಆವತ್ತೇ ಗೊತ್ತಿತ್ತಂತೆ ಅಣ್ಣ. ಯಾರೋ ಹೇಳಿದ್ರಂತೆ. ನೀನು ಅಂಗಡಿಗೆ ಬಂದಾಗ ಬೈಯೋಕೆ ಬಂದೆ ಅಂದ್ಕೊಂಡಿದ್ದೆ ಅಂದ. ವೈವಾದಲ್ಲಿ ಕೋಡ್ ಬರ್ಲಿಲ್ಲ ಅನ್ನೋದು ಅವನಿಗೆ ಇನ್ನೂ ಬೇಜಾರಿದೆ. ನಾನು ಸಾರಿ ಕೇಳ್ದೆ.” ಸ್ವಲ್ಪ ಹೊತ್ತು ಬಿಟ್ಟು, “ಕಥೆ ಹೇಳ್ಕೋ ಅಂದಿದ್ದಾನೆ. ಮೆಡಿಕಲ್ ಶಾಪ್ ವಿಷಯ, ಹೆಸರು ಹೇಳ್ದೆ ಹೇಳು ಅಂದ” ಅಂದಳು.

ಸೋಮವಾರ ಮಧ್ಯಾಹ್ನ ಆಫೀಸಲ್ಲಿ ಅವಳ ಫೋನಿಗೆ ಕಾಯ್ತಾ ಕೂತಿದ್ದೆ. ಎರಡು ಗಂಟೆಗೆ ಬಂತು. ಭಿನ್ನಾಭಿಪ್ರಾಯದ ಪ್ರಶ್ನೆ ಕೇಳಿದ್ದರಂತೆ. ಇವಳು ಮೆಡಿಕಲ್ ಶಾಪಿನ ಕಥೆ, ಸ್ಲೈಡಿನಿಂದ ಹೆಸರು ತೆಗೆದದ್ದೂ ಸೇರಿಸಿ ಹೇಳಿದಳು. ಕೇಳಿದಾಕೆ ಸುಮ್ಮನೆ ಟೈಪ್ ಮಾಡ್ತಿದ್ದವರು ಕೈ ನಿಲ್ಲಿಸಿ, ನಾನು ಹೇಳಿಕೊಡದ ಒಂದು ಪ್ರಶ್ನೆ ಕೇಳಿದರಂತೆ. “ಇದೇ ಕಥೆನ ಆ ಹುಡುಗ ಹೇಳಿದ್ರೆ ಹೇಗೆ ಹೇಳ್ತಾನೆ?”

“ಅದಕ್ಕೆ ಏನಂದೆ?”

“ನಿನ್ನೆ ರಾತ್ರಿ ಅವನು ಹೇಳಿದ್ದನ್ನೇ ಹೇಳ್ದೆ.”

ಆ ರೌಂಡ್ ದಾಟಿದಳು. ಇನ್ನೊಂದು ಟೆಕ್ನಿಕಲ್ ರೌಂಡ್ ಬಾಕಿ ಇದೆ. ಅದಕ್ಕೆ ಗ್ರಾಫ್ ಓದ್ತಾ ನಮ್ಮ ಮನೆಯಲ್ಲೇ ಇದ್ದಾಳೆ. ಕೊಬ್ಬರಿ ಮಿಠಾಯಿ ಡಬ್ಬ ಖಾಲಿಯಾಗಿದೆ. ಯಾರು ತಿಂದದ್ದು ಅಂತ ಕೇಳಿದ್ರೆ, “ತಿಂದ್ವಿ” ಅಂತಾಳೆ.